ಇಪ್ಪತ್ತೆಂಟು ಡಿಗ್ರಿ

ನಮ್ಮ ಕಡೆ ಕೆಲವು ಹುಡುಗರನ್ನು ‘ಬಾಯಿ ಸತ್ತವನು’ ಅಂದುಬಿಡುತ್ತಾರೆ. ಬೈಗುಳವಲ್ಲ, ಹೊಗಳಿಕೆಯಂತೂ ಅಲ್ಲವೇ ಅಲ್ಲ. ಮದುವೆ ಮನೆಯಲ್ಲಿ ಎಲೆಗೆ ಪಾಯಸ ಬೀಳದೆ ಹೋದರೂ ಕೈಯೆತ್ತಿ ಕೇಳದವನು, ಸಾಲ ಕೊಟ್ಟವನೇ ತಲೆ ತಗ್ಗಿಸಿ ಪಕ್ಕದ ಬೀದಿಯಲ್ಲಿ ಹೋಗುವವನು ಎಂದು ಅರ್ಥ. ನನ್ನ ಅಕ್ಕನ ಮಗ ಆ ಪೈಕಿ. ನಾಗಮಂಗಲ ಸೀಮೆಯ ಹಳ್ಳಿಯವನು. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ. ಫಸ್ಟ್ ಕ್ಲಾಸ್ ಬಂದದ್ದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ದೇವರ ಮನೆಯ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗೆ ಮಾರ್ಕ್ಸ್ ಕಾರ್ಡ್ ಇದ್ದದ್ದು ಅಕ್ಕನ ಕಣ್ಣಿಗೆ ಬಿದ್ದಾಗಲೇ ಸಂಗತಿ ಹೊರಗೆ ಬಂದದ್ದು.

ಇಂಥವನಿಗೆ ಬೆಂಗಳೂರಿನಿಂದ ಇಂಟರ್‌ವ್ಯೂ ಕರೆ ಬಂತು. ಒಂದು ಖಾಸಗಿ ಹಾಲಿನ ಕಂಪನಿಗೆ, ಹಳ್ಳಿಗಳಿಂದ ಹಾಲು ಕೊಳ್ಳುವ ವಿಭಾಗಕ್ಕೆ ಹುಡುಗರು ಬೇಕಾಗಿದ್ದರು. ಹಿಂದಿನ ದಿನ ಸಾಯಂಕಾಲ ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು, ಅಕ್ಕ ಕಟ್ಟಿಕೊಟ್ಟ ಚಕ್ಕುಲಿ. ಬಸ್ಸಿನಲ್ಲಿ ಚಿಲ್ಲರೆ ಬಾಕಿಯನ್ನು ಕಂಡಕ್ಟರು ಟಿಕೆಟಿನ ಹಿಂದೆ ಬರೆದುಕೊಟ್ಟಿದ್ದನಂತೆ. ಇಳಿಯುವಾಗ ಕೇಳಲು ಸಂಕೋಚವಾಗಿ ಹಾಗೇ ಇಳಿದಿದ್ದಾನೆ. ನನ್ನ ಹೆಂಡತಿ ಆ ಟಿಕೆಟನ್ನು ತಿರುಗಿಸಿ ನೋಡಿ, “ಇವನು ನಾಳೆ ಅಲ್ಲಿ ಹೋಗಿ ಕೆಲಸ ಕೇಳ್ತಾನಾ?” ಅಂದಳು. ನನಗೂ ಅದೇ ಚಿಂತೆ.

ನಗರದಲ್ಲಿ ಬಹಳ ವರ್ಷ ಇದ್ದ ಮಾವಂದಿರು ಇಂಥ ಹೊತ್ತಿನಲ್ಲಿ ಸುಮ್ಮನಿರುವುದಿಲ್ಲ. ಊಟವಾದ ಮೇಲೆ ಅವನನ್ನು ಕುರ್ಚಿಯ ಮೇಲೆ ಕೂರಿಸಿ ನಾನೇ ಇಂಟರ್‌ವ್ಯೂ ಮಾಡಿದೆ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ಪ್ರಶ್ನೆಗೆ ಒಂದು ಉತ್ತರ ಬರೆದುಕೊಟ್ಟೆ. ಅದರಲ್ಲಿ ಅವನು ಉತ್ಸಾಹಿ, ಶ್ರಮಜೀವಿ, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವವನು. ಈ ದೇಶದಲ್ಲಿ ಕೆಲಸ ಹುಡುಕುವ ಎಲ್ಲರೂ ಇದೇ ಮೂರು ಗುಣದವರು. ಹುಡುಗ ಅದನ್ನು ಉರು ಹೊಡೆದ. ಬೆಳಗಿನ ಜಾವ ಬಚ್ಚಲು ಮನೆಯಿಂದ ನೀರಿನ ಸದ್ದಿನ ಜೊತೆ ‘ಹಾರ್ಡ್ ವರ್ಕಿಂಗ್’ ಎಂಬ ಮಾತು ಕೇಳಿಬರುತ್ತಿತ್ತು.

ಅಲ್ಲಿ ಏನಾಯಿತೆಂದು ಹೇಳುವ ಮೊದಲು ಅವರ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಭಾವ ಊರಿನ ಡೈರಿಯಲ್ಲಿ ಟೆಸ್ಟರ್. ಡೈರಿ ಎಂದರೆ ದೊಡ್ಡ ಕಾರ್ಖಾನೆಯಲ್ಲ, ಹಾಲು ಉತ್ಪಾದಕರ ಸಹಕಾರ ಸಂಘದ ಒಂದು ಕೋಣೆ, ಮುಂದೊಂದು ಕಿಟಕಿ, ಒಳಗೆ ಕ್ಯಾನುಗಳು. ಬೆಳಗ್ಗೆ, ಸಂಜೆ ಜನ ಸಾಲಾಗಿ ಬಂದು ತಮ್ಮ ನಂಬರು ಹೇಳಿ ಹಾಲು ಹಾಕುತ್ತಾರೆ. ಒಬ್ಬ ಅಳೆದುಕೊಳ್ಳುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ, ಟೆಸ್ಟರ್ ನೋಡುತ್ತಾನೆ. ಏನು ನೋಡುತ್ತಾನೆ ಎಂಬುದರ ಮೇಲೆ ಹಣ ನಿಂತಿದೆ. ಹಸುವಿನ ಹಾಲಿಗೆ ಕೊಬ್ಬು ಶೇಕಡ 3.5, ಕೊಬ್ಬಲ್ಲದ ಘನ ಪದಾರ್ಥ ಅಂದರೆ ಎಸ್‌ಎನ್‌ಎಫ್ 8.5 ಇರಬೇಕೆನ್ನುವುದು ಅಲ್ಲಿನ ರೂಢಿಯ ಗೆರೆ. ಹಾಲಿನಿಂದ ನೀರನ್ನೂ ಕೊಬ್ಬನ್ನೂ ತೆಗೆದರೆ ಉಳಿಯುವ ಪ್ರೋಟೀನು, ಸಕ್ಕರೆ, ಲವಣ ಇವುಗಳ ಮೊತ್ತವೇ ಈ ಎಸ್‌ಎನ್‌ಎಫ್. ಗೆರೆಯ ಕೆಳಗಿಳಿದರೆ ದರ ಇಳಿಯುತ್ತದೆ, ಇನ್ನೂ ಇಳಿದರೆ ಹಾಲು ವಾಪಸ್.

ಹುಡುಗ ಏಳನೆಯ ಕ್ಲಾಸಿನಿಂದಲೂ ಸ್ಕೂಲಿಗೆ ಹೋಗುವ ಮೊದಲು ಅಪ್ಪನ ಪಕ್ಕ ನಿಲ್ಲುತ್ತಿದ್ದ. ಈಗೇನೋ ಹಾಲಿನ ಬಟ್ಟಲಿಟ್ಟರೆ ಅಂಕಿ ತೋರಿಸುವ ಯಂತ್ರ ಬಂದಿದೆ. ಆದರೆ ಕರೆಂಟು ಹೋದಾಗ, ಯಂತ್ರದ ಮೇಲೆ ಅನುಮಾನ ಬಂದಾಗ ಹಳೆಯ ಗರ್ಬರ್ ವಿಧಾನವೇ ಗತಿ. ಉದ್ದ ಕತ್ತಿನ ಗಾಜಿನ ಬ್ಯುಟಿರೋಮೀಟರ್ ಒಳಗೆ ಮೊದಲು ಹತ್ತು ಮಿಲಿಲೀಟರ್ ಗಂಧಕಾಮ್ಲ, ಮೇಲೆ 10.75 ಮಿಲಿಲೀಟರ್ ಹಾಲು, ಆಮೇಲೆ ಒಂದು ಮಿಲಿಲೀಟರ್ ಅಮೈಲ್ ಆಲ್ಕೋಹಾಲ್. ಹಾಲನ್ನು ಗಾಜಿನ ಗೋಡೆಗೆ ಒರಗಿಸಿ ನಿಧಾನವಾಗಿ ಇಳಿಸಬೇಕು. ಅವಸರ ಮಾಡಿ ಸುರಿದರೆ ಆಸಿಡ್ಡಿನ ಶಾಖಕ್ಕೆ ಹಾಲು ಸುಟ್ಟು ಕಪ್ಪು ಕರಿ ಕಟ್ಟಿಕೊಳ್ಳುತ್ತದೆ, ಕೊನೆಗೆ ಕೊಬ್ಬಿನ ಗೆರೆ ಎಲ್ಲಿ ಮುಗಿಯಿತೆಂದು ಓದಲಾಗುವುದಿಲ್ಲ. ಬಿರಡೆ ಬಿಗಿದು ಅಲ್ಲಾಡಿಸುವಾಗ ಗಾಜು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ, ಬಟ್ಟೆ ಸುತ್ತಿಕೊಂಡೇ ಹಿಡಿಯಬೇಕು. ಒಮ್ಮೆ ಬಿರಡೆ ಸಡಿಲವಿದ್ದು ಹಾರಿ ಹುಡುಗನ ಎಡಗೈ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ಅಗಲ ಸುಟ್ಟಿತ್ತು. ಆ ಕಲೆ ಈಗಲೂ ಇದೆ.

ಭಾವ ಮಗನಿಗೆ ಕಲಿಸಿದ ಇನ್ನೊಂದು ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಕಿಟಕಿಯ ಮುಂದೆ ನಿಂತವರ ಎದುರು ‘ನೀರು’ ಎಂಬ ಮಾತೆತ್ತಬಾರದು. ಹಳ್ಳಿಯಲ್ಲಿ ಒಬ್ಬರ ಹಾಲಿಗೆ ನೀರು ಹಾಕಿದ್ದೀರಿ ಎಂದರೆ ಮನೆತನಕ್ಕೆ ಅಂದ ಹಾಗೆ. ಮಾರನೆಯ ದಿನ ಲ್ಯಾಕ್ಟೋಮೀಟರ್ ಕೆಟ್ಟಿತ್ತು ಎಂದು ಗೊತ್ತಾದರೂ ಆಡಿದ ಮಾತು ವಾಪಸ್ ಬರುವುದಿಲ್ಲ. ಹಾಗಾಗಿ ಭಾವ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಕಡಮೆ ಬಂದರೆ ಸುಮ್ಮನೆ ಜಾರ್ ಪಕ್ಕಕ್ಕಿಟ್ಟು, “ಸ್ವಲ್ಪ ನಿಲ್ಲವ್ವಾ, ನೊರೆ ಇಳೀಲಿ” ಅನ್ನುತ್ತಿದ್ದರು. ಹುಡುಗ ಅದನ್ನೇ ನೋಡಿ ಬೆಳೆದವನು. ಅವನ ಬಾಯಿ ಸತ್ತದ್ದು ಹುಟ್ಟಿನಿಂದಲೋ, ಈ ಕಿಟಕಿಯ ಹಿಂದೆ ನಿಂತು ನಿಂತೋ ಎಂಬ ಅನುಮಾನ ನನಗೆ ಬಂದದ್ದು ಬಹಳ ತಡವಾಗಿ, ಇಂಟರ್‌ವ್ಯೂ ಕಥೆ ಕೇಳಿದ ಮೇಲೆ.

ಆ ಕಥೆಯಾದರೂ ಒಂದೇ ಸಲಕ್ಕೆ ಬರಲಿಲ್ಲ. ಮಧ್ಯಾಹ್ನ ಮನೆಗೆ ಬಂದವನು ಬೂಟು ಬಿಚ್ಚಿ ಕಾಲು ನೀವಿಕೊಳ್ಳುತ್ತಾ ಕೂತ. “ಹೇಗಾಯ್ತೋ?” ಅಂದರೆ, “ಆಯ್ತು ಮಾವ.” “ಏನು ಕೇಳಿದರು?” “ಹಾಲಿನ ವಿಷಯ.” ನನ್ನ ಹೆಂಡತಿ ಅನ್ನ ಬಡಿಸಿ, ಸಾರು ಹಾಕಿ, ಹಪ್ಪಳ ಸುಟ್ಟು ಕೊಟ್ಟು ಒಂದೊಂದೇ ಮಾತು ಹೊರಡಿಸಿದಳು.

ಜಯನಗರದ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ಹುಡುಗರು ಸಾಲಾಗಿ ಕೂತಿದ್ದರಂತೆ. ಎಲ್ಲರೂ ಇಂಗ್ಲಿಷಿನಲ್ಲಿ ಹರಟುತ್ತಿದ್ದರು. ಒಬ್ಬ ಎಂ.ಬಿ.ಎ. ಮಾಡಿದವನು ಇವನನ್ನು ಎಲ್ಲಿಂದ ಬಂದೆ ಎಂದು ಕೇಳಿ, ಊರಿನ ಹೆಸರು ಹೇಳಿದ ಮೇಲೆ ಮುಂದೇನೂ ಕೇಳಲಿಲ್ಲ. ಒಳಗೆ ಮೂವರಿದ್ದರು. ನಡುವೆ ಒಬ್ಬ ಹೆಂಗಸು, ಎಚ್‌ಆರ್. ಪಕ್ಕದಲ್ಲಿ ಟೈ ಕಟ್ಟಿದ ಒಬ್ಬರು. ಮೂರನೆಯವರು ವಯಸ್ಸಾದವರು, ಕಂಪನಿಯ ಕಾರ್ಖಾನೆ ನೋಡಿಕೊಳ್ಳುವವರು, ಧಾರವಾಡದ ಕಡೆಯ ಮಾತು. ಅವರು ಮೊದಲಿಗೆ ಮಾತೇ ಆಡದೆ ಮೊಬೈಲ್ ನೋಡುತ್ತಿದ್ದರಂತೆ.

ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್ ಬಂತು. ನಾನು ಬರೆದುಕೊಟ್ಟದ್ದರಲ್ಲಿ ಮೊದಲ ವಾಕ್ಯ ಸರಿಯಾಗಿ ಬಂತು, ಎರಡನೆಯದರ ನಡುವೆ ನಿಂತಿತು. ‘ಹಾರ್ಡ್ ವರ್ಕಿಂಗ್’ ಎಂದವನು ಮುಂದಿನದು ನೆನಪಾಗದೆ ಇನ್ನೊಮ್ಮೆ ‘ಹಾರ್ಡ್ ವರ್ಕಿಂಗ್’ ಅಂದ. ಆ ಹೆಂಗಸು ನಗಲಿಲ್ಲವಂತೆ, ಪಾಪ, ಕನ್ನಡದಲ್ಲೇ ಹೇಳಿ ಅಂದರಂತೆ. ಕನ್ನಡದಲ್ಲೂ ಹೇಳಲಾಗಲಿಲ್ಲ. ತನ್ನ ಬಗ್ಗೆ ಹೇಳಿಕೊಳ್ಳುವುದು ಯಾವ ಭಾಷೆಯಲ್ಲಿ ಸುಲಭ? ಟೈ ಕಟ್ಟಿದವರು ಗಡಿಯಾರ ನೋಡಿಕೊಂಡರು. ಸರ್ಟಿಫಿಕೇಟು ತೆಗೆದು ಕೊಡಲು ಕೈ ಚಾಚಿದಾಗ ಅಂಗಿಯ ತೋಳು ಮೇಲೆ ಸರಿಯಿತು. ಆಗ ಆ ಹಿರಿಯರು ಮೊಬೈಲ್ ಕೆಳಗಿಟ್ಟು, “ಕೈಗೇನಾಗೇದಪಾ?” ಅಂದರಂತೆ.

“ಆಸಿಡ್ ಸಾರ್. ಬ್ಯುಟಿರೋಮೀಟರ್ ಬಿರಡೆ ಹಾರಿತ್ತು.”

ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಆಮೇಲೆ ಉಳಿದಿಬ್ಬರೂ ಸುಮ್ಮನಾದರು ಅಂತ ಹುಡುಗ ಹೇಳಿದ. ಕೇಳಿದ ಪ್ರಶ್ನೆ ಇದು: “ನಮ್ಮ ಕೇಂದ್ರಕ್ಕ ಒಬ್ಬ ರೈತ ಮುಂಜಾನೆ ಹಸುವಿನ ಹಾಲು ತಂದಾನ. ಲ್ಯಾಕ್ಟೋಮೀಟರ್ 28 ತೋರಸ್ತದ. ಫ್ಯಾಟ್ 3.5 ಬಂದದ. ನಮಗ ಎಸ್‌ಎನ್‌ಎಫ್ 8.5 ಬೇಕು. ನೀ ಏನ್ ಮಾಡ್ತಿ?”

ಹೊರಗೆ ಬಂದ ಮೇಲೆ ಬೇರೆ ಹುಡುಗರನ್ನು ವಿಚಾರಿಸಿದಾಗ ಗೊತ್ತಾಯಿತಂತೆ, ಎಲ್ಲರಿಗೂ ಇದೇ ಪ್ರಶ್ನೆ. ಲೆಕ್ಕ ಗೊತ್ತಿದ್ದವರು ಲೆಕ್ಕ ಮಾಡಿದ್ದರು. ಲ್ಯಾಕ್ಟೋಮೀಟರಿನ ಕಾಲು ಭಾಗ, ಕೊಬ್ಬಿನ ಐದನೆಯ ಒಂದು ಭಾಗ, ಅದರ ಮೇಲೆ ಒಂದು ಸಣ್ಣ ಸ್ಥಿರಾಂಕ. ಆ ಸ್ಥಿರಾಂಕ ಕಡೆಯಿಂದ ಕಡೆಗೆ ಬೇರೆ. ಅಲ್ಲಿ ಕೊಟ್ಟಿದ್ದು 0.36. ಹಾಗಾದರೆ 7, ಅದಕ್ಕೆ 0.7, ಅದಕ್ಕೆ 0.36, ಒಟ್ಟು 8.06. ಬೇಕಾದ್ದಕ್ಕಿಂತ ಕಡಮೆ. ನೀರು ಬೆರೆಸಿದ್ದಾನೆ, ಹಾಲು ವಾಪಸ್ ಕಳಿಸುತ್ತೇನೆ ಎಂದು ಒಬ್ಬ. ದರ ಕಡಿತ ಮಾಡಿ ತೆಗೆದುಕೊಳ್ಳುತ್ತೇನೆ ಎಂದು ಇನ್ನೊಬ್ಬ. ರೈತನಿಗೆ ತಿಳಿವಳಿಕೆ ಹೇಳುತ್ತೇನೆ ಎಂದು ಎಂ.ಬಿ.ಎ. ಹುಡುಗ.

ನಮ್ಮವನು ಏನೂ ಹೇಳದೆ ಕೂತ. ಎಷ್ಟು ಹೊತ್ತು ಅಂದರೆ ಟೈ ಕಟ್ಟಿದವರು, “ಪ್ರಶ್ನೆ ಅರ್ಥವಾಯಿತಾ?” ಎಂದು ಕೇಳುವಷ್ಟು. ಆಮೇಲೆ ಕೇಳಿದ: “ಹಾಲು ಎಷ್ಟು ಬಿಸಿ ಇತ್ತು ಸಾರ್?”

ಹಿರಿಯರು, “ಈಗಷ್ಟ ಹಿಂಡಿಕೊಂಡು ಬಂದಾನ. 37 ಡಿಗ್ರಿ ಅಂತ ತಿಳಕೊ” ಅಂದರು.

“ಲ್ಯಾಕ್ಟೋಮೀಟರ್ ಎಷ್ಟಕ್ಕೆ ಮಾಡಿದ್ದು?”

“27.”

ಬಿಸಿಯಾದ ಹಾಲು ಹಿಗ್ಗುತ್ತದೆ, ತೆಳ್ಳಗಾಗುತ್ತದೆ, ಲ್ಯಾಕ್ಟೋಮೀಟರ್ ಇನ್ನಷ್ಟು ಮುಳುಗಿ ಕಡಮೆ ಅಂಕಿ ತೋರಿಸುತ್ತದೆ. 27 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ ಕಡ್ಡಿಯಾದರೆ ಅದರ ಮೇಲಿನ ಒಂದೊಂದು ಡಿಗ್ರಿ ಶಾಖಕ್ಕೂ 0.2 ಕೂಡಿಸಿಕೊಳ್ಳಬೇಕು. ಹತ್ತು ಡಿಗ್ರಿಗೆ ಎರಡು. ಹಾಗಾದರೆ 28 ಅಲ್ಲ, 30. ಅದರ ಕಾಲು ಭಾಗ 7.5, ಕೊಬ್ಬಿಂದು 0.7, ಮೇಲೆ 0.36; ಒಟ್ಟು 8.56. ಹಾಲು ಪಾಸು. ಹುಡುಗ ಇದನ್ನು ಫೈಲಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದನಂತೆ. ಆ ರಟ್ಟನ್ನು ನನಗೂ ತೋರಿಸಿದ, ಅಂಕಿಗಳು ಸಾಲಾಗಿ ಒಂದರ ಕೆಳಗೊಂದು ಡೈರಿ ಪುಸ್ತಕದಲ್ಲಿದ್ದ ಹಾಗೇ ಇದ್ದವು.

ಅಷ್ಟಕ್ಕೇ ನಿಂತಿದ್ದರೂ ಸಾಕಿತ್ತು, ಆದರೆ ಬಾಯಿ ಸತ್ತವರಿಗೆ ತಮ್ಮ ವಿಷಯ ಸಿಕ್ಕಿದರೆ ನಿಲ್ಲಿಸುವುದು ಕಷ್ಟ. “ಆದ್ರೆ ಸಾರ್, ಇದನ್ನ ನಾನು ನಂಬಲ್ಲ” ಎಂದನಂತೆ. ಹತ್ತು ಡಿಗ್ರಿ ಅಂತರವನ್ನು ಲೆಕ್ಕದಲ್ಲಿ ತಿದ್ದುವುದು ಅಂದಾಜು ಅಷ್ಟೇ. ಅಂತರ ಕಡಮೆ ಇದ್ದಾಗಲೇ ಈ ತಿದ್ದುಪಡಿ ಭರವಸೆಯದು. ಜೊತೆಗೆ ಆಗ ತಾನೇ ಹಿಂಡಿದ ಹಾಲಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ, ಅದೂ ಡಿಗ್ರಿಯನ್ನು ಕೆಳಗೆ ಎಳೆಯುತ್ತದೆ. ಸ್ಯಾಂಪಲ್ ತೆಗೆದು ನೀರಿನ ಪಾತ್ರೆಯಲ್ಲಿಟ್ಟು 27ರ ಹತ್ತಿರಕ್ಕೆ ಇಳಿಸಿ, ಅರ್ಧ ಗಂಟೆ ಬಿಟ್ಟು, ನೊರೆ ಎತ್ತಿ, ಜಾರನ್ನು ಅಂಚಿನವರೆಗೆ ತುಂಬಿಸಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದಬೇಕು.

“ಅಷ್ಟೊತ್ತು ರೈತ ನಿಲ್ಲತಾನೇನು?” ಎಂದು ಹಿರಿಯರು ಕೆಣಕಿದರಂತೆ.

“ಅವರನ್ನ ನಿಲ್ಲಿಸಬಾರದು ಸಾರ್. ಹಾಲು ಬರ್ಕೊಂಡು ಕಳಿಸ್ಬಿಡಬೇಕು. ಡಿಗ್ರಿ ಆಮೇಲೆ ಬರೀಬೇಕು. ಅವರ ನಂಬರಿನ ಹಿಂದಿನ ಲೆಕ್ಕ ನೋಡ್ಬೇಕು.”

ಈ ಕೊನೆಯ ಮಾತಿನಲ್ಲೇ ಭಾವನ ಅಷ್ಟೂ ವರ್ಷದ ಅನುಭವ ಇದೆ ಅನ್ನುವುದು ನನಗೆ ಆಮೇಲೆ ಅರ್ಥವಾಯಿತು. ನೀರು ಬೆರೆತರೆ ಡಿಗ್ರಿಯೊಂದೇ ಇಳಿಯುವುದಿಲ್ಲ, ಕೊಬ್ಬೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ದಿನವೂ 30 ಡಿಗ್ರಿ, 3.5 ಕೊಬ್ಬು ತರುವವನು ಒಟ್ಟಿನಲ್ಲಿ ಹತ್ತನೆಯ ಒಂದು ಭಾಗ ನೀರಾಗುವಂತೆ ಸೇರಿಸಿದರೆ ಡಿಗ್ರಿ 27ಕ್ಕೂ ಕೊಬ್ಬು 3.15ಕ್ಕೂ ಬರಬೇಕು. ಡಿಗ್ರಿ ಇಳಿದು ಕೊಬ್ಬು ಇದ್ದಲ್ಲೇ ಇದ್ದರೆ ಮೊದಲು ಥರ್ಮಾಮೀಟರ್ ಹುಡುಕಬೇಕು, ಆಮೇಲೆ ಕಳ್ಳನನ್ನು. ಆದರೆ ದಿನವೂ ಎಷ್ಟಿತ್ತು ಎಂಬುದು ಗೊತ್ತಿರದಿದ್ದರೆ ಈ ಹೋಲಿಕೆಯೇ ಸಾಧ್ಯವಿಲ್ಲ. ಅದಕ್ಕೇ ಪುಸ್ತಕ.

ಹಿರಿಯರು ಇನ್ನೊಂದು ಗಂಟು ಹಾಕಿದರು. ಡಿಗ್ರಿ ಚೆನ್ನಾಗಿದೆ, 30ಕ್ಕಿಂತ ತುಸು ಮೇಲೇ ಇದೆ, ಶಾಖವೂ ಸರಿ, ಕೊಬ್ಬು ಮಾತ್ರ 2.5. ಈಗೇನು?

ಇದಕ್ಕೆ ಹುಡುಗ ಲೆಕ್ಕ ಹೇಳಲಿಲ್ಲ, ಊರಿನ ಒಬ್ಬ ಮುದುಕಮ್ಮನ ವಿಷಯ ಹೇಳಿದ. ಒಂಟಿ ಹೆಂಗಸು, ಒಂದೇ ಹಸು. ಇದ್ದಕ್ಕಿದ್ದಂತೆ ಆಕೆಯ ಹಾಲಿನ ಕೊಬ್ಬು ಇಳಿದುಬಿಟ್ಟಿತು, ಎಸ್‌ಎನ್‌ಎಫ್ ಮಾತ್ರ ಇದ್ದ ಹಾಗೇ ಇತ್ತು. ಎಸ್‌ಎನ್‌ಎಫ್ ಇಳಿಯದ್ದರಿಂದ ನೀರಲ್ಲ. ಕೆನೆ ತೆಗೆದಿದ್ದಾಳೆ ಎಂದು ಸಾಲಿನಲ್ಲಿ ನಿಂತವರೇ ಆಡಿಕೊಂಡರು. ಭಾವ ಆ ದಿನ ಏನೂ ಅನ್ನಲಿಲ್ಲ. ಸಂಜೆ ಮಗನನ್ನು ಕರೆದುಕೊಂಡು ಆಕೆಯ ಹಟ್ಟಿಗೆ ಹೋಗಿ, ಜಗಲಿಯ ಮೇಲೆ ಕೂತು, ಮಳೆಯ ವಿಷಯ ಮಾತಾಡಿ, ಎದ್ದು ಬರುವ ಮುಂಚೆ, “ಕರ ಹೆಂಗದೆ ಅವ್ವಾ?” ಎಂದು ಕೇಳಿದರು. ಕರು ಬಡಕಲಾಗಿತ್ತು, ಭೇದಿ. ಮುದುಕಮ್ಮ ಅರ್ಧಕ್ಕೇ ಹಿಂಡುವುದು ನಿಲ್ಲಿಸಿ ಉಳಿದದ್ದನ್ನು ಕರುವಿಗೆ ಬಿಡುತ್ತಿದ್ದಳು. ಮೊದಲು ಬರುವ ಹಾಲು ತೆಳ್ಳಗೆ. ಕೆಚ್ಚಲಿನ ಕೊನೆಯ ಹಾಲಿನಲ್ಲೇ ಕೊಬ್ಬೆಲ್ಲ. ಡೈರಿಗೆ ಬರುತ್ತಿದ್ದದ್ದು ಮೊದಲಿನದು, ಕರು ಕುಡಿಯುತ್ತಿದ್ದದ್ದು ಕೊನೆಯದು.

“ಕೆನೆ ತೆಗೆದರೂ ಅಂಕಿ ಹಿಂಗೇ ಬರುತ್ತೆ, ಕರು ಕುಡಿದರೂ ಹಿಂಗೇ ಬರುತ್ತೆ. ಮಿಷಿನ್‌ಗೆ ಎರಡೂ ಒಂದೇ ಸಾರ್. ಮನೆಗೆ ಹೋಗಿ ಎದುರಿಗೇ ಪೂರ್ತಿ ಕರೆಸಿ ಸ್ಯಾಂಪಲ್ ತಗೊಂಡ್ರೆ ಮಾತ್ರ ಗೊತ್ತಾಗೋದು.”

ಹಾಲಿನ ಉದ್ಯಮದಲ್ಲಿ ಜಗಳ ತೀರಿಸುವ ಕೊನೆಯ ದಾರಿಯೇ ಇದು: ತಂದ ಹಾಲನ್ನು ಬಿಟ್ಟು ಹಸುವನ್ನೇ ಸಾಕ್ಷಿ ಕೇಳುವುದು. ಹುಡುಗ ಅದನ್ನು ಓದಿ ತಿಳಿದವನಲ್ಲ. ಆ ಹಿರಿಯರಿಗೆ ಅದು ಗೊತ್ತಾಗಿರಬೇಕು. ಪಕ್ಕದ ಹೆಂಗಸಿನ ಕಡೆ ತಿರುಗಿ ಏನೋ ಇಂಗ್ಲಿಷಿನಲ್ಲಿ ಹೇಳಿದರಂತೆ, ಹುಡುಗನಿಗೆ ಕೇಳಿಸಲಿಲ್ಲ. ಟೈ ಕಟ್ಟಿದವರು ಮಾತ್ರ ಬಿಡದೆ, ಕೆಲಸಕ್ಕೆ ಸೇರಿದರೆ ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ರಿಪೋರ್ಟ್ ಕಳಿಸಬೇಕಾಗುತ್ತದೆ, ಮೀಟಿಂಗಿನಲ್ಲಿ ಮಾತಾಡಬೇಕಾಗುತ್ತದೆ, ಆಗುತ್ತದೋ ಎಂದು ಕೇಳಿದರು. ಬರೆಯುತ್ತೇನೆ, ಮಾತಾಡುವುದು ಕಲಿಯಬೇಕು ಎಂದ. ನಾನಾಗಿದ್ದರೆ ಆಗುತ್ತದೆ ಎಂದುಬಿಡುತ್ತಿದ್ದೆ.

ಎಲ್ಲ ಮುಗಿದ ಮೇಲೆ, ನಿಮಗೇನಾದರೂ ಕೇಳುವುದಿದೆಯೇ ಎಂಬ ಕಟ್ಟಕಡೆಯ ಪ್ರಶ್ನೆ ಬಂತು. ಅದಕ್ಕೂ ನಾನೊಂದು ಉತ್ತರ ಹೇಳಿಕೊಟ್ಟಿದ್ದೆ: ಕಂಪನಿಯ ಮುನ್ನೋಟವೇನು ಎಂದು ಕೇಳು, ಚೆನ್ನಾಗಿ ಕಾಣುತ್ತದೆ ಎಂದು. ಹುಡುಗ ಕೇಳಿದ್ದು, “ನಿಮ್ಮ ಕೇಂದ್ರಗಳಲ್ಲಿ ಥರ್ಮಾಮೀಟರ್ ಇದಾವಾ ಸಾರ್?”

ಹಿರಿಯರು ಜೋರಾಗಿ ನಕ್ಕರಂತೆ. ಉತ್ತರ ಕೊಡಲಿಲ್ಲ.

ನನ್ನ ಹೆಂಡತಿ ಅಷ್ಟರಲ್ಲಿ ಮೂರನೆಯ ಸಲ ಅನ್ನ ಬಡಿಸಿದ್ದಳು. ಕಥೆ ಮುಗಿದದ್ದೇ ಹುಡುಗ ಮತ್ತೆ ಹಳೆಯ ಹುಡುಗನಾದ. ಮಜ್ಜಿಗೆ ಬೇಕಾ ಎಂದರೆ ತಲೆಯಾಡಿಸಿದ. ಬೇಕೆಂದೋ ಬೇಡವೆಂದೋ ತಿಳಿಯಲಿಲ್ಲ. ಅವನು ಬದಲಾಗಿ ಹೋದ ಎಂದು ನಾನು ಬರೆದರೆ ಅಕ್ಕನೇ ನಂಬುವುದಿಲ್ಲ. ಊರಿಗೆ ಹೋಗುವ ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟನ್ನು ಯಾರೋ ಕೇಳಿದರೆಂದು ಬಿಟ್ಟುಕೊಟ್ಟಿರುತ್ತಾನೆ.

ಆರ್ಡರ್ ಬರಲು ಸಮಯ ಹಿಡಿಯಿತು. ಬಂದಾಗ ಅದರಲ್ಲಿ ಟ್ರೇನಿ ಎಂದಿತ್ತು, ಸಂಬಳ ನಾನು ಅಂದುಕೊಂಡದ್ದಕ್ಕಿಂತ ಕಡಮೆ ಇತ್ತು, ಸ್ವಂತ ಬೈಕ್ ಇರಬೇಕೆಂಬ ಷರತ್ತಿತ್ತು. ಬೈಕಿನ ಸಾಲಕ್ಕೆ ಭಾವ ಸೊಸೈಟಿಗೆ ಅಲೆದರು. ಕೆಲಸ ಸಿಕ್ಕಿದ್ದು ಹಾಲು ತಣಿಸುವ ಒಂದು ಕೇಂದ್ರದಲ್ಲಿ, ಸುತ್ತಲಿನ ಹಳ್ಳಿಗಳ ಹಾಲು ಅಲ್ಲಿಗೆ ಬಂದು ನಾಲ್ಕು ಡಿಗ್ರಿಗೆ ಇಳಿದು ಟ್ಯಾಂಕರ್ ಹತ್ತುತ್ತದೆ. ಸೇರಿದ ಮೊದಲ ವಾರ ಅವನ ಫೋನು ಬಂತು. ತಾನಾಗಿ ಫೋನು ಮಾಡಿದ್ದು ಅದೇ ಮೊದಲು, ಹಾಗಾಗಿ ನನಗೆ ಗಾಬರಿಯಾಯಿತು.

“ಮಾವ, ಚಿಕ್ಕಪೇಟೆ ಕಡೆ ಲ್ಯಾಬ್ ಸಾಮಾನಿನ ಅಂಗಡಿ ಇದಾವಂತಲ್ಲ. ಥರ್ಮಾಮೀಟರ್ ಬೇಕಾಗಿತ್ತು.”

“ಕಂಪನೀಲಿ ಕೊಡಲ್ವೇನೋ?”

“ಕೇಂದ್ರದಲ್ಲಿ ಒಂದಿದೆ, ಹಳ್ಳಿಗಳಲ್ಲಿ ಇಲ್ಲ. ಬರೆದು ಕಳಿಸಿದೀನಿ, ಬರೋವಷ್ಟೊತ್ತಿಗೆ ಬೇಸಿಗೆ ಬರುತ್ತೆ. ಪಾದರಸದ್ದು ತರಬೇಡಿ, ಹಾಲಲ್ಲಿ ಒಡೆದ್ರೆ ಕಷ್ಟ. ಕೆಂಪು ಸ್ಪಿರಿಟ್‌ದು ತನ್ನಿ. ಅಂಗಡೀಲೇ ನಾಲ್ಕೈದನ್ನ ಒಂದೇ ಲೋಟ ನೀರಿಗೆ ಹಾಕಿ ನೋಡಿ ಮಾವ, ಒಂದೇ ಅಂಕಿ ತೋರಿಸೋವನ್ನ ಮಾತ್ರ ತಗೊಳ್ಳಿ. ಅಂಗಡಿಯವನು ಬೈತಾನೆ, ಬೈಲಿ. ಬಿಲ್ ಮರೀಬೇಡಿ.”